ನಿದ್ದೆ ಗುಳಿಗೆ ಬಿಟ್ಟು ಮೆಲಟೋನಿನ್ ಶುರು ಮಾಡುವ ಮುಂಚೆ

ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುವವರು ಈಗೀಗ ದಿನಾ ಕೇಳುವ ಮಾತು ಇದು: "ನಿದ್ದೆ ಗುಳಿಗೆ ಬ್ಯಾಡ್ರಿ, ಮೆಲಟೋನಿನ್ ಕೊಡ್ರಿ. ಅದು ಏನೂ ಮಾಡಲ್ಲಂತೆ." ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ನಾಲ್ಕು ದಿನ ಮೆಲಟೋನಿನ್ ತಿಂದು, "ಇದು ನಡೆಯಲ್ಲ, ಇದಕ್ಕಿಂತ ಸ್ಟ್ರಾಂಗ್ ಇರೋದು ಕೊಡ್ರಿ" ಅಂತ ವಾಪಸ್ ಬರುತ್ತಾರೆ. ನಾನು ಕೌಂಟರ್ ಹಿಂದೆ ನಿಂತು ಇವೆರಡನ್ನೂ ಕೇಳುವವನು. ಇಬ್ಬರ ಮನಸ್ಸಿನಲ್ಲೂ ಇರುವ ಲೆಕ್ಕ ಒಂದೇ. ವಲೇರಿಯನ್ ಅನ್ನುವ ಗಿಡಮೂಲಿಕೆ ತೀರಾ ಸೌಮ್ಯ, ಮೆಲಟೋನಿನ್ ಮಧ್ಯಮ, ಡಾಕ್ಟರ್ ಬರೆಯುವ ಗುಳಿಗೆ ಜೋರು, ಎಲ್ಲದರ ಕೆಲಸ ಮಾತ್ರ ಒಂದೇ ಅಂತ.

ಈ ಲೆಕ್ಕವೇ ತಪ್ಪು. ಈ ಮೂರರ ಕೆಲಸ ಬೇರೆ ಬೇರೆ. ಹಾಗಾಗಿ ಒಂದನ್ನು ನಿಲ್ಲಿಸಿ ಅದರ ಜಾಗಕ್ಕೆ ಇನ್ನೊಂದನ್ನು ಇಡಲು ಆಗುವುದಿಲ್ಲ. ಅದರಲ್ಲೂ ತಿಂಗಳುಗಟ್ಟಲೆ ದಿನಾ ನಿದ್ದೆ ಗುಳಿಗೆ ತಗೊಳ್ಳುವವರು ಈ ತಪ್ಪು ಮಾಡಿದರೆ ಅಪಾಯ ಆಗಬಹುದು. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ

ನೀವು ತಗೊಳ್ಳುತ್ತಿರುವುದು ಯಾವ ಜಾತಿಯ ಔಷಧ ಅನ್ನುವುದು ಮೊದಲು ಗೊತ್ತಾಗಬೇಕು. ಸ್ಟ್ರಿಪ್ಪಿನ ಮೇಲೆ ದೊಡ್ಡದಾಗಿ ಕಾಣುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ಔಷಧದ ಹೆಸರಿರುತ್ತದೆ. ಕ್ಲೋನಜೆಪಾಮ್, ಲೊರಜೆಪಾಮ್, ಡಯಜೆಪಾಮ್, ನೈಟ್ರಜೆಪಾಮ್, ಆಲ್‌ಪ್ರಜೊಲಾಮ್ ಇವೆಲ್ಲ ಒಂದೇ ಕುಟುಂಬದವು. ಜೋಲ್ಪಿಡೆಮ್ ಇವಕ್ಕೆ ಹತ್ತಿರದ ಸಂಬಂಧಿ. ಇವನ್ನೇ ನಾವು ಸಾಮಾನ್ಯವಾಗಿ ನಿದ್ದೆ ಗುಳಿಗೆ ಅನ್ನುವುದು.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಕ್ಲೋನಜೆಪಾಮನ್ನು ಬೇರೆ ಔಷಧದ ಜೊತೆ ಸೇರಿಸಿ ಒಂದೇ ಗುಳಿಗೆ ಮಾಡಿಯೂ ಮಾರುತ್ತಾರೆ. ಎಸ್ಸಿಟಾಲೊಪ್ರಾಮ್ ಜೊತೆ ಇರುತ್ತದೆ, ಪ್ರೊಪ್ರನೊಲಾಲ್ ಜೊತೆ ಇರುತ್ತದೆ. "ನಾನು ನಿದ್ದೆ ಗುಳಿಗೆ ತಗೊಳ್ಳಲ್ಲ, ಟೆನ್ಷನ್ ಗುಳಿಗೆ ಅಷ್ಟೇ" ಅನ್ನುವವರ ಸ್ಟ್ರಿಪ್ ತಿರುಗಿಸಿದರೆ ಎಷ್ಟೋ ಸಲ ಕ್ಲೋನಜೆಪಾಮ್ ಸಿಗುತ್ತದೆ. ಅಂಥವರು ಟೆನ್ಷನ್ ಕಮ್ಮಿ ಆಯ್ತು ಅಂತ ತಾವೇ ಗುಳಿಗೆ ನಿಲ್ಲಿಸಿದರೆ, ಒಂದಲ್ಲ ಎರಡು ಔಷಧವನ್ನು ಒಟ್ಟಿಗೆ ನಿಲ್ಲಿಸಿದಂತೆ ಆಗುತ್ತದೆ.

ಇವು ಯಾವುದನ್ನೂ ಡಾಕ್ಟರ್ ಚೀಟಿ ಇಲ್ಲದೆ ಕೊಡುವಂತಿಲ್ಲ. ಆಲ್‌ಪ್ರಜೊಲಾಮ್, ಡಯಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಎಚ್-1 ಪಟ್ಟಿಯಲ್ಲಿವೆ. 2014ರಿಂದ ಇರುವ ನಿಯಮದ ಪ್ರಕಾರ ಬರೆದ ಡಾಕ್ಟರ್, ತಗೊಂಡ ರೋಗಿ, ಕೊಟ್ಟ ಗುಳಿಗೆಗಳ ಲೆಕ್ಕ ಇವನ್ನೆಲ್ಲ ನಾವು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಚೀಟಿ ಕೇಳಿದಾಗ "ನಿಮಗೆ ನನ್ನ ಮೇಲೆ ನಂಬಿಕೆ ಇಲ್ವಾ" ಅಂತ ಬೇಜಾರಾಗಬೇಡಿ. ಮಿಠಾಯಿಯಂತೆ ಅಗಿದು ತಿನ್ನುವ ಮೆಲಟೋನಿನ್ ಗಮ್ಮಿಗೂ ವಲೇರಿಯನ್ ಕ್ಯಾಪ್ಸೂಲಿಗೂ ಚೀಟಿ ಕೇಳುವವರಿಲ್ಲ, ಅವು ಆನ್‌ಲೈನಲ್ಲೂ ಸಿಗುತ್ತವೆ.

ಮೂರೂ ಒಳಗೆ ಏನು ಮಾಡುತ್ತವೆ

ಮಿದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕ ನರಗಳ ಓಡಾಟವನ್ನು ತಗ್ಗಿಸುತ್ತದೆ. ಕ್ಲೋನಜೆಪಾಮ್ ಥರದ ಗುಳಿಗೆ ಈ ಗಾಬಾದ ಕೆಲಸವನ್ನು ಜೋರು ಮಾಡುತ್ತದೆ. ಮಿದುಳೇ ನಿಧಾನ ಆಗುತ್ತದೆ, ಆತಂಕ ಇಳಿಯುತ್ತದೆ, ಸ್ನಾಯು ಸಡಿಲ ಆಗುತ್ತವೆ, ನಿದ್ದೆ ಬರುತ್ತದೆ. ದಿನಾ ತಗೊಂಡರೆ ಕೆಲವೇ ವಾರಗಳಲ್ಲಿ ಮಿದುಳು ಇದಕ್ಕೆ ಹೊಂದಿಕೊಂಡು ತನ್ನ ಸ್ವಂತ ಶಾಂತಗೊಳಿಸುವ ಶಕ್ತಿಯನ್ನು ಕಮ್ಮಿ ಮಾಡಿಕೊಳ್ಳುತ್ತದೆ. ಆಮೇಲೆ ಗುಳಿಗೆ ಹಠಾತ್ತಾಗಿ ನಿಂತರೆ ನರಗಳನ್ನು ಹಿಡಿದಿಡುವುದು ಏನೂ ಉಳಿಯುವುದಿಲ್ಲ. ನಿದ್ದೆ ಮೊದಲಿಗಿಂತ ಕೆಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಜಾಸ್ತಿ ಡೋಸನ್ನು ಬಹಳ ದಿನ ತಗೊಂಡವರಿಗೆ ಫಿಟ್ಸ್ ಕೂಡ ಬರಬಹುದು.

ಮೆಲಟೋನಿನ್ ಈ ದಾರಿಗೇ ಹೋಗುವುದಿಲ್ಲ. ಅದು ನಮ್ಮ ಮಿದುಳಿನ ಪೀನಿಯಲ್ ಗ್ರಂಥಿಯೇ ಕತ್ತಲಾದ ಮೇಲೆ ಬಿಡುವ ಹಾರ್ಮೋನ್. ಬೆಳಕು ಕಣ್ಣಿಗೆ ಬಿದ್ದರೆ ಅದು ತಗ್ಗುತ್ತದೆ. ಈಗ ರಾತ್ರಿ ಆಗಿದೆ ಅಂತ ದೇಹದ ಗಡಿಯಾರಕ್ಕೆ ತಿಳಿಸುವುದೇ ಅದರ ಕೆಲಸ. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಹರಿಹರದ ಬಸ್ ಬಂತು ಅಂತ ಕೂಗುತ್ತಾರಲ್ಲ, ಹಾಗೆ. ಬಸ್ ಬಂದದ್ದು ಹೇಳುತ್ತಾರೆ, ಕೈ ಹಿಡಿದು ಹತ್ತಿಸುವುದಿಲ್ಲ.

ವಲೇರಿಯನ್ ಒಂದು ಗಿಡದ ಬೇರು. ಯುರೋಪಿನಲ್ಲಿ ಬೆಳೆಯುವ ಗಿಡ ಅದು. ನಮ್ಮ ಹಿಮಾಲಯದ ಕಡೆ ಬೆಳೆಯುವ ಅದರ ಹತ್ತಿರದ ಸಂಬಂಧಿಯನ್ನು ಆಯುರ್ವೇದದಲ್ಲಿ ತಗರ ಅನ್ನುತ್ತಾರೆ. ಡಬ್ಬಿ ತೆರೆದರೆ ಬೆವರಿದ ಸಾಕ್ಸಿನ ವಾಸನೆ. ಮಾಲು ಕೆಟ್ಟಿದೆ ಅಂತ ವಾಪಸ್ ತರುತ್ತಾರೆ ಜನ. ಅದು ಕೆಟ್ಟ ವಾಸನೆಯಲ್ಲ, ಬೇರಿನಲ್ಲಿರುವ ಐಸೊವಲೇರಿಕ್ ಆಸಿಡ್ಡಿನ ವಾಸನೆ. ಬೇರಿನಲ್ಲಿರುವ ವಲೇರಿನಿಕ್ ಆಸಿಡ್ ಕೂಡ ಗಾಬಾ ಮೇಲೆ ಕೆಲಸ ಮಾಡುವುದು ಪ್ರಯೋಗಾಲಯದಲ್ಲಿ ಕಾಣುತ್ತದೆ, ಆದರೆ ಬಹಳ ಮೆದುವಾಗಿ. ಗುಳಿಗೆ ತೆಗೆದಾಗ ಖಾಲಿಯಾಗುವ ಜಾಗವನ್ನು ತುಂಬುವಷ್ಟು ಶಕ್ತಿ ಅದಕ್ಕಿಲ್ಲ.

ಒಂದು ಪ್ರಸಂಗ ನೋಡಿ

ನಿಟುವಳ್ಳಿ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ, ವಯಸ್ಸು 60 ದಾಟಿದೆ. ಯಜಮಾನರು ತೀರಿಕೊಂಡ ವರ್ಷ ಶುರುವಾದ ಕ್ಲೋನಜೆಪಾಮ್ 0.5 ಮಿ.ಗ್ರಾಂ ಮೂರು ವರ್ಷದಿಂದ ನಡೆದುಕೊಂಡು ಬಂದಿತ್ತು. ಬೆಂಗಳೂರಿನ ಮಗ ಪ್ರೀತಿಯಿಂದ 10 ಮಿ.ಗ್ರಾಂ ಮೆಲಟೋನಿನ್ ಗಮ್ಮಿ ಕಳಿಸಿದ. ಅವರು ಗುಳಿಗೆ ಪೂರ್ತಿ ನಿಲ್ಲಿಸಿ ಅದೇ ರಾತ್ರಿಯಿಂದ ಗಮ್ಮಿ ಶುರು ಮಾಡಿದರು.

ಮೊದಲ ರಾತ್ರಿ ಒಳ್ಳೆ ನಿದ್ದೆ ಬಂತು. ಎರಡನೇ ರಾತ್ರಿ ಪರವಾಗಿಲ್ಲ. ಮೂರನೇ ರಾತ್ರಿಯಿಂದ ಕಣ್ಣು ಮುಚ್ಚಿದರೆ ಎದೆ ಡವಡವ. ಚಹಾದ ಲೋಟ ಹಿಡಿದರೆ ಕೈ ನಡುಕ. ಐದನೇ ದಿನ ನಮ್ಮ ಅಂಗಡಿಗೆ ಬಂದು, "ನೋಡ್ರಿ, ಈ ಗಮ್ಮಿ ನನಗೆ ಆಗಿಬರಲಿಲ್ಲ. ಎದೆ ಏನೋ ಆಗ್ತದೆ. ವಲೇರಿಯನ್ ಅಂತ ಇದೆಯಂತಲ್ಲ, ಗಿಡಮೂಲಿಕೆ, ಅದನ್ನ ಕೊಡ್ರಿ" ಅಂದರು.

"ಟೀಚರಮ್ಮ, ಹಳೆ ಗುಳಿಗೆ ಯಾವತ್ತು ನಿಲ್ಲಿಸಿದ್ರಿ?" ಅಂತ ಕೇಳಿದಾಗ ವಿಷಯ ತಿಳಿಯಿತು.

ಮೊದಲ ರಾತ್ರಿ ನಿದ್ದೆ ತಂದದ್ದು ಗಮ್ಮಿ ಅಲ್ಲ. ಕ್ಲೋನಜೆಪಾಮ್ ದೇಹದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 40 ಗಂಟೆ ಬೇಕು. ನಿಲ್ಲಿಸಿದ ಮೇಲೂ ಒಂದೆರಡು ದಿನ ಹಳೆಯ ಗುಳಿಗೆಯೇ ರಕ್ತದಲ್ಲಿತ್ತು. ಅದು ಇಳಿಯುತ್ತಾ ಬಂದ ಹಾಗೆ ತೊಂದರೆ ಎದ್ದಿತು. ಎದೆ ಬಡಿತ, ನಡುಕ ಗಮ್ಮಿಯ ಅಡ್ಡ ಪರಿಣಾಮವೂ ಅಲ್ಲ, ಹಳೆಯ ಕಾಯಿಲೆ ತಿರುಗಿ ಬಂದದ್ದೂ ಅಲ್ಲ. ಗುಳಿಗೆಯನ್ನು ಹಠಾತ್ ಬಿಟ್ಟದ್ದರ ಫಲ. ಇದನ್ನು ಗುರುತಿಸುವುದು ಹೀಗೆ: ಗುಳಿಗೆ ಶುರು ಮಾಡುವ ಮುಂಚೆ ಇಲ್ಲದ ಲಕ್ಷಣಗಳು, ನಿಲ್ಲಿಸಿದ ಕೆಲವೇ ದಿನದಲ್ಲಿ ಕಾಣಿಸಿಕೊಳ್ಳುತ್ತವೆ. ಆಲ್‌ಪ್ರಜೊಲಾಮ್ ಬೇಗ ಇಳಿಯುವ ಔಷಧ, ಅದನ್ನು ಬಿಟ್ಟವರಿಗೆ ಒಂದೆರಡು ದಿನದಲ್ಲೇ ಶುರುವಾಗಬಹುದು.

ಆ ದಿನ ಅವರಿಗೆ ವಲೇರಿಯನ್ ಕೊಡಲಿಲ್ಲ. ಗುಳಿಗೆ ಬರೆದ ಡಾಕ್ಟರ ಹತ್ತಿರ ಅದೇ ಸಂಜೆ ಹೋಗಿ ಅಂತ ಕಳಿಸಿದೆ. ಡಾಕ್ಟರು ಮೊದಲು ಹಳೆಯ 0.5 ಮಿ.ಗ್ರಾಂ ಡೋಸಿಗೇ ವಾಪಸ್ ತಂದರು. ನಡುಕ ನಿಂತು ಎಲ್ಲ ಸ್ಥಿರವಾದ ಮೇಲೆ ಇಳಿಸಲು ಶುರು ಮಾಡಿದರು.

ಇಳಿಸುವ ಕ್ರಮ

ಇದನ್ನು ಡಾಕ್ಟರ ಜೊತೆಯೇ ಮಾಡಬೇಕು. ಆದರೂ ಕ್ರಮ ಹೇಗಿರುತ್ತದೆ ಅಂತ ಗೊತ್ತಿದ್ದರೆ ಅವರ ಹತ್ತಿರ ಸರಿಯಾಗಿ ಮಾತಾಡಬಹುದು. ಪ್ರತಿ ಎರಡರಿಂದ ನಾಲ್ಕು ವಾರಕ್ಕೆ ಆಗ ಇರುವ ಡೋಸಿನ ಹತ್ತರಲ್ಲಿ ಒಂದು ಭಾಗದಿಂದ ಕಾಲು ಭಾಗದ ತನಕ ಇಳಿಸುವುದು ಸಾಮಾನ್ಯ ರೂಢಿ. ಕೊನೆಕೊನೆಗೆ ಇನ್ನೂ ನಿಧಾನ.

ಟೀಚರಮ್ಮನ ಲೆಕ್ಕ ಹೀಗಿತ್ತು. ಕ್ಲೋನಜೆಪಾಮ್ 0.25 ಮಿ.ಗ್ರಾಂ ಗುಳಿಗೆ ಸಿಗುತ್ತದೆ. 0.5ರ ಬದಲು ರಾತ್ರಿ ಆ 0.25ರ ಒಂದೂವರೆ ಗುಳಿಗೆ, ಅಂದರೆ 0.375. ಮೂರು ವಾರ ಅಷ್ಟರಲ್ಲೇ ಇದ್ದು, ಆಮೇಲೆ ಒಂದು ಗುಳಿಗೆ. ಅಲ್ಲಿ ಮೊದಲ ವಾರ ನಿದ್ದೆ ಕೆಟ್ಟಿತು. ಆಗ ಡೋಸು ಏರಿಸಲಿಲ್ಲ, ಕೆಳಕ್ಕೂ ಇಳಿಸಲಿಲ್ಲ. ಅಲ್ಲೇ ನಿಂತರು. ತಿಂಗಳಾದ ಮೇಲೆ ಅರ್ಧ ಗುಳಿಗೆ, 0.125. ಕೊನೆಗೆ ಅದೂ ಇಲ್ಲ. ಒಟ್ಟು ಮೂರು ತಿಂಗಳಿಗಿಂತ ಜಾಸ್ತಿ ಹಿಡಿಯಿತು. ಕೊನೆಯ ಹೆಜ್ಜೆಗಳು ಮೇಲೆ ಹೇಳಿದ ರೂಢಿಗಿಂತ ದೊಡ್ಡವು, ಇದು ಅವರ ದೇಹಕ್ಕೆ, ಅವರ ಡೋಸಿಗೆ ಡಾಕ್ಟರು ಹೊಂದಿಸಿದ ಲೆಕ್ಕ. ಫಿಟ್ಸ್ ಇರುವವರು, ಹಿಂದೆ ಒಮ್ಮೆ ಬಿಡಲು ಹೋಗಿ ಫಿಟ್ಸ್ ಬಂದವರು, ದಿನಾ ಕುಡಿಯುವವರು, ಬಸುರಿಯರು ಈ ಲೆಕ್ಕ ಹಿಡಿದು ತಾವೇ ಮನೆಯಲ್ಲಿ ಹೊರಡಬಾರದು.

ಗುಳಿಗೆ ಮುರಿಯಲು ಮೆಡಿಕಲ್ ಶಾಪಿನಲ್ಲಿ ಸಣ್ಣ ಕಟರ್ ಸಿಗುತ್ತದೆ. ಚಾಕುವಿನಲ್ಲಿ ಕತ್ತರಿಸಿದರೆ ಅರ್ಧ ಪುಡಿಯಾಗಿ, ಒಂದು ರಾತ್ರಿ ಜಾಸ್ತಿ ಇನ್ನೊಂದು ರಾತ್ರಿ ಕಮ್ಮಿ ಆಗುತ್ತದೆ. ಈ ಡೋಸಿನಲ್ಲಿ ಅದು ಸಣ್ಣ ವ್ಯತ್ಯಾಸ ಅಲ್ಲ.

ಇಳಿಸುವಾಗ ಮೆಲಟೋನಿನ್ ಜೊತೆಗಿಟ್ಟರೆ ಸಹಾಯ ಆಗುತ್ತಾ? ಗುಳಿಗೆ ಬಿಡುವವರಿಗೆ ಮೆಲಟೋನಿನ್ ಕೊಟ್ಟು ನೋಡಿದ ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗ, ಅದರಿಂದ ಬಿಡುವುದು ಸುಲಭವಾಯಿತು ಅಂತ ಕಾಣಲಿಲ್ಲ. ನಡುಕವನ್ನೂ ಫಿಟ್ಸನ್ನೂ ಅದು ತಡೆಯುವುದಿಲ್ಲ. ವಲೇರಿಯನ್ನಂತೂ ಗುಳಿಗೆ ಇನ್ನೂ ಒಳಗಿರುವಾಗ ಸೇರಿಸಿದರೆ ಮಂಪರು ಜಾಸ್ತಿ ಆಗಬಹುದು. ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದು ಜಾರಿ ಬೀಳುವುದು, ಸೊಂಟದ ಮೂಳೆ ಮುರಿಯುವುದು ಇಂಥ ಮಂಪರಿನಲ್ಲೇ.

ಟೀಚರಮ್ಮನಿಗೆ ನಿಜವಾಗಿ ಕೆಲಸ ಮಾಡಿದ್ದು ಬೇರೆ. ಅವರು ರಾತ್ರಿ 9ಕ್ಕೆ ಹಾಸಿಗೆಗೆ ಹೋಗಿ ಬೆಳಗ್ಗೆ 6ಕ್ಕೆ ಏಳುತ್ತಿದ್ದರು. ಹಾಸಿಗೆಯಲ್ಲಿ 9 ಗಂಟೆ, ನಿದ್ದೆ 6 ಗಂಟೆ. ಉಳಿದ 3 ಗಂಟೆ ಹೊರಳಾಟ. ಡಾಕ್ಟರು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದರು: ಎಷ್ಟಕ್ಕೆ ಮಲಗಿದೆ, ಸುಮಾರು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟು ಸಲ ಎದ್ದೆ, ಕೊನೆಗೆ ಎಷ್ಟಕ್ಕೆ ಎಚ್ಚರ. ಆ ಬರಹ ನೋಡಿ, ಹಾಸಿಗೆಗೆ ಹೋಗುವ ಸಮಯವನ್ನು ರಾತ್ರಿ 11.30ಕ್ಕೆ, ಏಳುವುದನ್ನು ಬೆಳಗ್ಗೆ 5.30ಕ್ಕೆ ಗಟ್ಟಿ ಮಾಡಿದರು. ಮಧ್ಯಾಹ್ನ ಊಟದ ಮೇಲಿನ ನಿದ್ದೆ ಬಂದ್. ಮಲಗಿ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಕೂರುವುದು, ಕಣ್ಣು ಎಳೆದಾಗ ವಾಪಸ್. ಹಾಸಿಗೆಯಲ್ಲಿ ಕಳೆಯುವ ಹೊತ್ತಿನ ಹೆಚ್ಚಿನ ಪಾಲು ನಿದ್ದೆಯಲ್ಲೇ ಹೋಗತೊಡಗಿದ ಮೇಲೆ ವಾರಕ್ಕೆ ಕಾಲು ಗಂಟೆಯಂತೆ ಸಮಯ ಹೆಚ್ಚಿಸಿದರು.

ಹಳೆಯ ನಿದ್ರಾಹೀನತೆಗೆ ವೈದ್ಯರು ಮೊದಲ ಚಿಕಿತ್ಸೆ ಅಂತ ಹೇಳುವುದು ಇಂಥ ಅಭ್ಯಾಸಗಳು ಸೇರಿದ ವಿಧಾನವನ್ನೇ. ಮೊದಲ ಎರಡು ವಾರ ಹಗಲು ತೂಕಡಿಕೆ ಇರುತ್ತದೆ. ಹೆದ್ದಾರಿಯಲ್ಲಿ ಲಾರಿ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು, ಫಿಟ್ಸ್ ಅಥವಾ ಬೈಪೋಲಾರ್ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಹೀಗೆ ಸಮಯ ಕಡಿತ ಮಾಡಬಾರದು.

ಹಾಗಾದರೆ ಮೆಲಟೋನಿನ್ ಯಾರಿಗೆ?

ಹಳೆಯ ನಿದ್ರಾಹೀನತೆಯಲ್ಲಿ ಅದರ ಫಲ ಚಿಕ್ಕದು. ಹಲವು ಪರೀಕ್ಷೆಗಳನ್ನು ಒಟ್ಟು ಮಾಡಿ 2013ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಔಷಧವಿಲ್ಲದ ಸಕ್ಕರೆ ಗುಳಿಗೆ ತಗೊಂಡವರಿಗಿಂತ ಮೆಲಟೋನಿನ್ ತಗೊಂಡವರಿಗೆ ಸರಾಸರಿ 7 ನಿಮಿಷ ಬೇಗ ನಿದ್ದೆ ಹತ್ತಿತ್ತು, ಒಟ್ಟು ನಿದ್ದೆ 8 ನಿಮಿಷ ಜಾಸ್ತಿ ಆಗಿತ್ತು. ಅಮೆರಿಕದ ನಿದ್ರಾ ವೈದ್ಯರ ಸಂಘ 2017ರ ಮಾರ್ಗಸೂಚಿಯಲ್ಲಿ ಹಳೆಯ ನಿದ್ರಾಹೀನತೆಗೆ ಮೆಲಟೋನಿನ್ನೂ ಬೇಡ, ವಲೇರಿಯನ್ನೂ ಬೇಡ ಅಂತ ಸಲಹೆ ಕೊಟ್ಟಿತು. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬರದವರಿಗೆ ಸಾಮಾನ್ಯ ಮೆಲಟೋನಿನ್ನಿಂದ ಇನ್ನೂ ಕಮ್ಮಿ ಉಪಯೋಗ. ಅದು ಒಂದು ಗಂಟೆಯೊಳಗೇ ರಕ್ತದಲ್ಲಿ ಅರ್ಧಕ್ಕೆ ಇಳಿದುಬಿಡುತ್ತದೆ.

ಅದರ ನಿಜವಾದ ಜಾಗ ಗಡಿಯಾರ ತಪ್ಪಿದವರಲ್ಲಿ. ನಮ್ಮ ಊರಲ್ಲಿ ಹಾಸ್ಟೆಲಿನ ಹುಡುಗರನ್ನು ನೋಡಿ. ರಾತ್ರಿ 3ಕ್ಕೆ ಮುಂಚೆ ನಿದ್ದೆ ಬರುವುದಿಲ್ಲ, ಬಂದರೆ ಬೆಳಗ್ಗೆ 11ರ ತನಕ ಚೆನ್ನಾಗಿ ನಿದ್ದೆ. ನಿದ್ದೆ ಕೆಟ್ಟಿಲ್ಲ, ಹೊತ್ತು ಜಾರಿದೆ ಅಷ್ಟೇ. ಇಂಥವರಿಗೆ ಮೆಲಟೋನಿನ್ ಕೆಲಸ ಮಾಡುತ್ತದೆ, ಆದರೆ ಮಲಗುವಾಗ ತಗೊಂಡರೆ ಅಲ್ಲ. ನಿದ್ದೆ ಬರುವ ಹೊತ್ತಿಗಿಂತ ನಾಲ್ಕೈದು ಗಂಟೆ ಮುಂಚೆ, ಅಂದರೆ ರಾತ್ರಿ 10ರ ಸುಮಾರಿಗೆ. ಡೋಸು 0.5 ಮಿ.ಗ್ರಾಂ ಸಾಕಾಗಬಹುದು. ಅಂಗಡಿಯಲ್ಲಿ ಅಷ್ಟು ಚಿಕ್ಕದು ಸಿಗುವುದು ಕಷ್ಟ, 3 ಮಿ.ಗ್ರಾಂ ಗುಳಿಗೆಯನ್ನು ಮುರಿದು ತಗೊಳ್ಳಬೇಕಾಗುತ್ತದೆ. ನಿಧಾನವಾಗಿ ಬಿಡುವ ಜಾತಿಯ ಗುಳಿಗೆಯನ್ನು ಮಾತ್ರ ಮುರಿಯಬೇಡಿ. ನಿದ್ದೆ ಬರುವ ಹೊತ್ತು ಬೇಗ ಆದ ಹಾಗೆ ಗುಳಿಗೆಯ ಹೊತ್ತನ್ನೂ ಅರ್ಧ ಅರ್ಧ ಗಂಟೆ ಮುಂಚೆ ಮಾಡಬೇಕು. ಎದ್ದ ಕೂಡಲೇ ಟೆರೇಸಿಗೆ ಹೋಗಿ ಅರ್ಧ ಗಂಟೆ ಬೆಳಕಿನಲ್ಲಿರಬೇಕು. ಗುಳಿಗೆ ನುಂಗಿ ಆಮೇಲೆ 2ರ ತನಕ ಮೊಬೈಲ್ ಹಿಡಿದು ಕೂತರೆ ಗಡಿಯಾರ ಇದ್ದಲ್ಲೇ ಇರುತ್ತದೆ. ಎರಡು ಮೂರು ವಾರದಲ್ಲಿ ನಿದ್ದೆಯ ಹೊತ್ತು ಸರಿಯದಿದ್ದರೆ ಡೋಸು ಏರಿಸುವ ಬದಲು ಡಾಕ್ಟರನ್ನು ಕಾಣಿ.

ದೂರದ ದೇಶಕ್ಕೆ ಹೋಗಿ ಬಂದವರ ಜೆಟ್ ಲ್ಯಾಗ್‌ಗೂ ಅದು ಒಳ್ಳೆಯದು. 0.5ರಿಂದ 5 ಮಿ.ಗ್ರಾಂ ತನಕ, ಹೋದ ಊರಿನ ಮಲಗುವ ಹೊತ್ತಿಗೆ, ಕೆಲವು ದಿನ. ಮಂಡಕ್ಕಿ ಭಟ್ಟಿಯಲ್ಲಿ ರಾತ್ರಿ ಕೆಲಸ ಮಾಡಿ ಹಗಲು ಮಲಗುವವರಿಗೆ ಸ್ವಲ್ಪ ನೆರವಾಗಬಹುದು, ಆದರೆ ಅವರಿಗೆ ಕಿಟಕಿಗೆ ದಪ್ಪ ಕಪ್ಪು ಪರದೆ ಅದಕ್ಕಿಂತ ಮುಖ್ಯ.

10 ಮಿ.ಗ್ರಾಂ ತಗೊಂಡರೆ 3 ಮಿ.ಗ್ರಾಂಗಿಂತ ಮೂರು ಪಟ್ಟು ನಿದ್ದೆ ಬರುವುದಿಲ್ಲ. ತಲೆನೋವು, ಬೆಳಗ್ಗೆ ಮಂಕು ಜಾಸ್ತಿ ಆಗಬಹುದು. ಡಬ್ಬಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಅಮೆರಿಕದಲ್ಲಿ 25 ಗಮ್ಮಿಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದಾಗ 22ರಲ್ಲಿ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ಹೊಂದಿಕೆ ಇರಲಿಲ್ಲ. ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ಹಾಗಾಗಿ ಗಮ್ಮಿಗಿಂತ ಗುಳಿಗೆ ವಾಸಿ ಅನ್ನುವುದು ನನ್ನ ಸಲಹೆ. ರಕ್ತ ತೆಳು ಮಾಡುವ ವಾರ್ಫರಿನ್, ಖಿನ್ನತೆಗೆ ಕೊಡುವ ಫ್ಲುವೊಕ್ಸಮಿನ್, ಫಿಟ್ಸ್ ಗುಳಿಗೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಫ್ಲುವೊಕ್ಸಮಿನ್ ಇದ್ದರೆ ಮೆಲಟೋನಿನ್ ದೇಹದಿಂದ ಹೊರಹೋಗದೆ ರಕ್ತದಲ್ಲಿ ಹಲವು ಪಟ್ಟು ಏರುತ್ತದೆ.

ವಲೇರಿಯನ್ ತಗೊಳ್ಳಲೇಬೇಕು ಅನಿಸಿದರೆ

ಬೇರೆ ಯಾವ ನಿದ್ದೆ ಗುಳಿಗೆಯನ್ನೂ ತಗೊಳ್ಳದ, ಆರೋಗ್ಯವಾಗಿರುವ ದೊಡ್ಡವರು ನೋಡಬಹುದು. ಪರೀಕ್ಷೆಗಳಲ್ಲಿ ಹೆಚ್ಚಾಗಿ ಬಳಸಿದ್ದು ಬೇರಿನ ಸಾರ 300ರಿಂದ 600 ಮಿ.ಗ್ರಾಂ, ಮಲಗುವ ಅರ್ಧ ಗಂಟೆಯಿಂದ ಎರಡು ಗಂಟೆ ಮುಂಚೆ. ಫಲಿತಾಂಶ ಒಂದರಂತೆ ಇನ್ನೊಂದಿಲ್ಲ. ಚೆನ್ನಾಗಿ ನಿದ್ದೆ ಬಂತು ಅಂತ ಕೆಲವರು ಹೇಳಿದ್ದಾರೆ, ಆದರೆ ಗಡಿಯಾರ ಹಿಡಿದು ಅಳೆದಾಗ ಅಂಥ ವ್ಯತ್ಯಾಸ ಕಂಡಿಲ್ಲ. ನಾಲ್ಕು ವಾರ ನೋಡಿ, ನೋಟ್‌ಬುಕ್ಕಿನಲ್ಲಿ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ. ಲಿವರ್ ತೊಂದರೆ ಇರುವವರು, ಬಸುರಿ ಬಾಣಂತಿಯರು, ಸಂಜೆ ಒಂದು ಪೆಗ್ ಹಾಕುವವರು ದೂರ ಇರಿ. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಇದನ್ನು ತಗೊಳ್ಳುತ್ತಿದ್ದೇನೆ ಅಂತ ಹೇಳಿ. ಎಷ್ಟೋ ಗಮ್ಮಿಗಳಲ್ಲಿ ಮೆಲಟೋನಿನ್, ವಲೇರಿಯನ್, ಅಶ್ವಗಂಧ ಎಲ್ಲ ಸೇರಿಸಿರುತ್ತಾರೆ. ಅಂಥದ್ದನ್ನು ತಗೊಂಡರೆ ಉಪಯೋಗವಾದದ್ದು ಯಾವುದರಿಂದ, ತೊಂದರೆಯಾದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಗುಳಿಗೆ ಬದಲಿಸುವುದಲ್ಲ, ಡಾಕ್ಟರನ್ನು ಕಾಣಬೇಕಾದ ಹೊತ್ತು

ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುವುದನ್ನು ಮನೆಯವರು ನೋಡಿದ್ದರೆ, ಮೆಲಟೋನಿನ್, ವಲೇರಿಯನ್ ಎರಡೂ ಅದನ್ನು ಸರಿಪಡಿಸುವುದಿಲ್ಲ. ನಿದ್ದೆ ಗುಳಿಗೆ ಅದನ್ನು ಕೆಡಿಸಲೂಬಹುದು. ಸಂಜೆಯಾದರೆ ಕಾಲು ಅಲ್ಲಾಡಿಸದೆ ಇರಲಾಗದವರಿಗೆ ರಕ್ತದಲ್ಲಿ ಕಬ್ಬಿಣದ ಅಂಶ ನೋಡಿಸಬೇಕು. ಬೆಳಗಿನ ಜಾವ 3ಕ್ಕೆ ಎಚ್ಚರವಾಗಿ, ಯಾವುದರಲ್ಲೂ ಮನಸ್ಸಿಲ್ಲ, ಬದುಕು ಸಾಕು ಅನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ, ಚಿತ್ರದುರ್ಗದವರು ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ರಾತ್ರಿ ಹೊತ್ತಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗುಳಿಗೆ ಬಿಟ್ಟ ಮೇಲೆ ಫಿಟ್ಸ್ ಬಂದರೆ, ಮಾತು ತೊದಲಿ ಗೊಂದಲವಾದರೆ, ಇಲ್ಲದ್ದು ಕಂಡರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ. ಹೋಗುವಾಗ ಗುಳಿಗೆಯ ಸ್ಟ್ರಿಪ್ಪನ್ನೂ ಗಮ್ಮಿಯ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಎಷ್ಟು ದಿನದಿಂದ ತಗೊಳ್ಳುತ್ತಿದ್ದಿರಿ, ಯಾವತ್ತು ನಿಲ್ಲಿಸಿದಿರಿ ಅನ್ನುವುದೇ ಅಲ್ಲಿ ಡಾಕ್ಟರು ಮೊದಲು ಕೇಳುವ ಪ್ರಶ್ನೆ.